ವಿದೇಶದಲ್ಲಿ ವೈದ್ಯರಿಗೆ ರೋಗಲಕ್ಷಣಗಳನ್ನು ತಿಳಿಸುವ ವಿಧಾನ: ಮಾದರಿ ಸಂಭಾಷಣೆ

ಸಾರ್ವಜನಿಕರ ಮಾಹಿತಿಗಾಗಿ

ರಾಜ್ಯದ ಗ್ರಾಮೀಣ ಭಾಗದಿಂದ ಮಕ್ಕಳ ಮನೆಗೆಂದು ಇಲ್ಲವೇ ಉದ್ಯೋಗ ನಿಮಿತ್ತ ವಿದೇಶಕ್ಕೆ ತೆರಳುವ ನಾಗರಿಕರಿಗೆ ಅಲ್ಲಿನ ವೈದ್ಯರ ಮುಂದೆ ತಮ್ಮ ತೊಂದರೆಯನ್ನು ಹೇಳಿಕೊಳ್ಳುವುದು ಕಷ್ಟವಾಗುತ್ತದೆ. ಇಂಗ್ಲಿಷ್ ಭಾಷೆಯನ್ನು ಈಗಷ್ಟೇ ಕಲಿಯುತ್ತಿರುವವರ ಉಪಯೋಗಕ್ಕಾಗಿ ಇಂಗ್ಲೆಂಡಿನ ವ್ಯವಸ್ಥೆಗೆ ಅನ್ವಯಿಸುವ ಮಾದರಿ ಸಂಭಾಷಣೆಯೊಂದನ್ನು ಇಲ್ಲಿ ನೀಡಲಾಗಿದೆ. ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕು ಕದರಮಂಡಲಗಿಯಿಂದ ಮಗನ ಮನೆಗೆ ಹೋಗಿರುವ 61 ವರ್ಷದ ರೈತರೊಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಈ ವ್ಯಕ್ತಿ ಕಾಲ್ಪನಿಕ. ಅವರಿಗೆ ಎರಡು ವಾರಗಳಿಂದ ಎದೆಯ ಕೆಳಭಾಗದಲ್ಲಿ ಉರಿ ಇದೆ. ಊಟದ ಖಾರದಿಂದ ಉಷ್ಣವಾಗಿದೆ ಎಂಬುದು ಅವರ ನಂಬಿಕೆ.

1. ವೈದ್ಯರ ಭೇಟಿಗೆ ಸಮಯ ಪಡೆಯುವುದು

ಇಂಗ್ಲೆಂಡಿನಲ್ಲಿ ರೋಗಿಯು ಮೊದಲು ಕಾಣಬೇಕಾದವರು ತಾವು ವಾಸಿಸುವ ಪ್ರದೇಶದ ಕುಟುಂಬ ವೈದ್ಯರು. ಇವರನ್ನು 'ಜಿ.ಪಿ.' ಎಂದು ಕರೆಯುತ್ತಾರೆ. ಇವರ ಚಿಕಿತ್ಸಾಲಯದಲ್ಲಿ ಹೆಸರು ನೋಂದಾಯಿಸಿಕೊಳ್ಳಲು ಮತ್ತು ವೈದ್ಯರನ್ನು ಕಾಣಲು ಶುಲ್ಕವಿರುವುದಿಲ್ಲ. ವಿಳಾಸದ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ನೋಂದಣಿಯನ್ನು ನಿರಾಕರಿಸುವಂತಿಲ್ಲ. ಆದರೆ ಸಂದರ್ಶಕರ ವೀಸಾದಲ್ಲಿ ಹೋದವರು ಆಸ್ಪತ್ರೆಗೆ ದಾಖಲಾದಲ್ಲಿ ಸಾಮಾನ್ಯವಾಗಿ ವೆಚ್ಚ ಭರಿಸಬೇಕಾಗುತ್ತದೆ. ಆದ್ದರಿಂದ ಪ್ರಯಾಣ ವಿಮೆ ಅಗತ್ಯ.

ಭೇಟಿಯ ಅವಧಿ ಸಾಮಾನ್ಯವಾಗಿ ಸುಮಾರು 10 ನಿಮಿಷ ಮಾತ್ರ. ದುಭಾಷಿಯ ಸೇವೆ ಉಚಿತವಾಗಿದ್ದು, ಅನೇಕ ಸಂದರ್ಭಗಳಲ್ಲಿ ದೂರವಾಣಿಯ ಮೂಲಕ ದೊರೆಯುತ್ತದೆ. ಇದನ್ನು ಸಮಯ ಕಾಯ್ದಿರಿಸುವಾಗಲೇ ಕೇಳಬೇಕು. 'ಕನ್ನಡ' ಎಂಬುದು ಅಲ್ಲಿನವರ ಕಿವಿಗೆ 'ಕೆನಡಾ' ಎಂದು ಕೇಳಿಸುವ ಸಂಭವವಿರುವುದರಿಂದ ಈ ಕೆಳಕಂಡಂತೆ ಹೇಳುವುದು ಸೂಕ್ತ.

ರೋಗಿ: ಐ ನೀಡ್ ಆನ್ ಇಂಟರ್‌ಪ್ರಿಟರ್. ಮೈ ಲಾಂಗ್ವೇಜ್ ಈಸ್ ಕನ್ನಡ, ಫ್ರಂ ಸೌತ್ ಇಂಡಿಯಾ. ನಾಟ್ ಹಿಂದಿ.
ಅರ್ಥ: ನನಗೆ ದುಭಾಷಿ ಬೇಕು. ನನ್ನ ಭಾಷೆ ದಕ್ಷಿಣ ಭಾರತದ ಕನ್ನಡ. ಹಿಂದಿ ಅಲ್ಲ.

ರೋಗಿ: ಕ್ಯಾನ್ ಐ ಹ್ಯಾವ್ ಎ ಡಬಲ್ ಅಪಾಯಿಂಟ್‌ಮೆಂಟ್, ಪ್ಲೀಸ್?
ಅರ್ಥ: ದಯವಿಟ್ಟು ಎರಡು ಭೇಟಿಗಳಷ್ಟು ಸಮಯ ಕೊಡುವಿರಾ?

ಮಗ ಅಥವಾ ಸೊಸೆ ಜೊತೆಯಲ್ಲಿರಲು ಅಡ್ಡಿಯಿಲ್ಲ. ಆದರೆ ಮನೆಯವರು ದುಭಾಷಿಯಾದಾಗ ರೋಗಿಯ ನಾಲ್ಕು ಮಾತುಗಳನ್ನು 'ಗ್ಯಾಸ್ ಆಗಿದೆ' ಎಂಬ ಒಂದೇ ಮಾತಿಗೆ ಇಳಿಸುವುದುಂಟು. ಮಲಮೂತ್ರಗಳ ವಿಷಯವನ್ನು ಅವರ ಮುಂದೆ ಹೇಳಲು ರೋಗಿಯೂ ಸಂಕೋಚಪಡಬಹುದು.

2. ಹೋಗುವ ಮುನ್ನ ಬರೆದಿಟ್ಟುಕೊಳ್ಳುವುದು

ಒಂದು ಚೀಟಿಯಲ್ಲಿ ನೋವಿನ ಸ್ಥಳ, ಪ್ರಾರಂಭವಾದ ದಿನಾಂಕ, ಹೆಚ್ಚಾಗುವ ಸಮಯ ಹಾಗೂ ಸೇವಿಸುತ್ತಿರುವ ಔಷಧಗಳನ್ನು ಬರೆದುಕೊಳ್ಳಬೇಕು. ಊರಿನಿಂದ ತಂದಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನು ಜೊತೆಗೆ ಒಯ್ಯಬೇಕು. ನಮ್ಮಲ್ಲಿನ ವ್ಯಾಪಾರಿ ಹೆಸರುಗಳು ಅಲ್ಲಿನ ವೈದ್ಯರಿಗೆ ತಿಳಿದಿರುವುದಿಲ್ಲ. ಅವರು ನೋಡುವುದು ಪಟ್ಟಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ಔಷಧದ ಮೂಲ ಹೆಸರನ್ನು. ಆದ್ದರಿಂದ ಹೆಸರು ಇರುವ ತುದಿಯನ್ನು ಕತ್ತರಿಸಿ ಎಸೆಯಬಾರದು.

3. ಮಾದರಿ ಸಂಭಾಷಣೆ

ವೈದ್ಯರು: ವಾಟ್ ಬ್ರಿಂಗ್ಸ್ ಯೂ ಇನ್ ಟುಡೇ?
ಅರ್ಥ: ಇಂದು ಯಾವ ತೊಂದರೆಗಾಗಿ ಬಂದಿದ್ದೀರಿ?
ರೋಗಿ: ಐ ಹ್ಯಾವ್ ಬರ್ನಿಂಗ್ ಪೇನ್, ಹಿಯರ್.
ಅರ್ಥ: ಇಲ್ಲಿ ಉರಿಯಂಥ ನೋವಿದೆ. (ಕೈಯಿಟ್ಟು ತೋರಿಸುವುದು)

ವೈದ್ಯರು: ವೆನ್ ಡಿಡ್ ಇಟ್ ಸ್ಟಾರ್ಟ್?
ಅರ್ಥ: ಯಾವಾಗ ಪ್ರಾರಂಭವಾಯಿತು?
ರೋಗಿ: ಟೂ ವೀಕ್ಸ್ ಅಗೋ. ಇಟ್ ಕಮ್ಸ್ ಅಂಡ್ ಗೋಸ್.
ಅರ್ಥ: ಎರಡು ವಾರಗಳ ಹಿಂದೆ. ಬಂದು ಹೋಗಿ ಮಾಡುತ್ತದೆ.

ವೈದ್ಯರು: ಡಸ್ ಎನಿಥಿಂಗ್ ಮೇಕ್ ಇಟ್ ವರ್ಸ್?
ಅರ್ಥ: ಯಾವುದರಿಂದಲಾದರೂ ಹೆಚ್ಚಾಗುತ್ತದೆಯೇ?
ರೋಗಿ: ಆಫ್ಟರ್ ಫುಡ್, ಅಂಡ್ ವೆನ್ ಐ ಲೈ ಡೌನ್.
ಅರ್ಥ: ಊಟದ ನಂತರ ಮತ್ತು ಮಲಗಿದಾಗ.

ವೈದ್ಯರು: ಡಸ್ ಇಟ್ ಗೋ ಟು ಯುವರ್ ಆರ್ಮ್ ಆರ್ ಜಾ?
ಅರ್ಥ: ನೋವು ತೋಳಿಗೆ ಅಥವಾ ದವಡೆಗೆ ಹರಡುತ್ತದೆಯೇ?
ರೋಗಿ: ನೋ. ನೋ ಸ್ವೆಟಿಂಗ್. ನೋ ಪೇನ್ ವೆನ್ ಐ ಕ್ಲೈಂಬ್ ಸ್ಟೇರ್ಸ್.
ಅರ್ಥ: ಇಲ್ಲ. ಬೆವರುವುದಿಲ್ಲ. ಮೆಟ್ಟಿಲು ಹತ್ತಿದಾಗ ನೋವು ಬರುವುದಿಲ್ಲ.

ವೈದ್ಯರು: ಹ್ಯಾವ್ ಯೂ ಲಾಸ್ಟ್ ಎನಿ ವೆಯ್ಟ್?
ಅರ್ಥ: ದೇಹದ ತೂಕ ಕಡಿಮೆಯಾಗಿದೆಯೇ?
ರೋಗಿ: ನೋ. ಮೈ ಕ್ಲೋತ್ಸ್ ಫಿಟ್ ದ ಸೇಮ್.
ಅರ್ಥ: ಇಲ್ಲ. ಬಟ್ಟೆಗಳು ಮೊದಲಿನ ಅಳತೆಗೇ ಇವೆ.

ವೈದ್ಯರು: ಎನಿ ಚೇಂಜ್ ಇನ್ ಯುವರ್ ಸ್ಟೂಲ್ಸ್?
ಅರ್ಥ: ಮಲದಲ್ಲಿ ಏನಾದರೂ ಬದಲಾವಣೆ ಇದೆಯೇ?
ರೋಗಿ: ಸಾರಿ, ಐ ಡೋಂಟ್ ಅಂಡರ್‌ಸ್ಟಾಂಡ್. ಪ್ಲೀಸ್ ಸೇ ಇಟ್ ಅನದರ್ ವೇ.
ಅರ್ಥ: ಕ್ಷಮಿಸಿ, ಅರ್ಥವಾಗಲಿಲ್ಲ. ದಯವಿಟ್ಟು ಬೇರೆ ರೀತಿಯಲ್ಲಿ ಹೇಳಿ.

ವೈದ್ಯರು: ವೆನ್ ಯೂ ಪೂ, ಈಸ್ ಇಟ್ ಬ್ಲ್ಯಾಕ್?
ಅರ್ಥ: ಮಲವಿಸರ್ಜನೆಯಾದಾಗ ಕಪ್ಪಗಿರುತ್ತದೆಯೇ?
ರೋಗಿ: ನೋ. ನಾರ್ಮಲ್ ಕಲರ್.
ಅರ್ಥ: ಇಲ್ಲ. ಎಂದಿನ ಬಣ್ಣ.

ವೈದ್ಯರು: ಆರ್ ಯೂ ಟೇಕಿಂಗ್ ಎನಿ ಮೆಡಿಸಿನ್ಸ್?
ಅರ್ಥ: ಯಾವುದಾದರೂ ಔಷಧ ಸೇವಿಸುತ್ತಿದ್ದೀರಾ?
ರೋಗಿ: ಒನ್ ಫಾರ್ ಬ್ಲಡ್ ಪ್ರೆಶರ್. ಅಂಡ್ ದಿಸ್ ಒನ್ ಫಾರ್ ನೀ ಪೇನ್, ಟ್ವೈಸ್ ಎ ಡೇ, ಫಾರ್ ಒನ್ ಮಂತ್.
ಅರ್ಥ: ರಕ್ತದೊತ್ತಡಕ್ಕೆ ಒಂದು. ಮಂಡಿನೋವಿಗೆ ಇದು, ದಿನಕ್ಕೆ ಎರಡು ಬಾರಿ, ಒಂದು ತಿಂಗಳಿಂದ. (ಪಟ್ಟಿಯನ್ನು ಕೊಡುವುದು)

ವೈದ್ಯರು: ಪ್ಲೀಸ್ ಸ್ಟಾಪ್ ದಿಸ್ ಒನ್. ಇಟ್ ಕ್ಯಾನ್ ಹಾರ್ಮ್ ಯುವರ್ ಸ್ಟಮಕ್. ಟೇಕ್ ದಿಸ್ ಕ್ಯಾಪ್ಸೂಲ್ ಬಿಫೋರ್ ಬ್ರೇಕ್‌ಫಾಸ್ಟ್.
ಅರ್ಥ: ಇದನ್ನು ನಿಲ್ಲಿಸಿ. ಇದರಿಂದ ಜಠರಕ್ಕೆ ಹಾನಿಯಾಗಬಹುದು. ಈ ಕ್ಯಾಪ್ಸೂಲನ್ನು ಬೆಳಗಿನ ಉಪಾಹಾರಕ್ಕೆ ಮೊದಲು ತೆಗೆದುಕೊಳ್ಳಿ.
ರೋಗಿ: ಸೋ, ಐ ಸ್ಟಾಪ್ ದಿಸ್. ಐ ಟೇಕ್ ದಟ್ ಬಿಫೋರ್ ಬ್ರೇಕ್‌ಫಾಸ್ಟ್. ವೆನ್ ಡು ಐ ಕಮ್ ಬ್ಯಾಕ್?
ಅರ್ಥ: ಹಾಗಾದರೆ ಇದನ್ನು ನಿಲ್ಲಿಸುತ್ತೇನೆ. ಅದನ್ನು ಉಪಾಹಾರಕ್ಕೆ ಮೊದಲು ತೆಗೆದುಕೊಳ್ಳುತ್ತೇನೆ. ಮತ್ತೆ ಯಾವಾಗ ಬರಬೇಕು?

ದುಭಾಷಿ ಇದ್ದಲ್ಲಿ ಇವೇ ಉತ್ತರಗಳನ್ನು ಕನ್ನಡದಲ್ಲಿ ಹೇಳಬಹುದು. ವೈದ್ಯರತ್ತ ನೋಡಿ ಒಂದೊಂದೇ ವಾಕ್ಯ ಹೇಳಿ ನಿಲ್ಲಿಸಬೇಕು.

4. ಸಂಭಾಷಣೆಯ ವಿವರಣೆ

ಮೇಲಿನ ಸಂಭಾಷಣೆಯಲ್ಲಿ ರೋಗಿಯು ತನ್ನ ಕಾಯಿಲೆಯ ಹೆಸರನ್ನಾಗಲಿ ಕಾರಣವನ್ನಾಗಲಿ ಹೇಳಿರುವುದಿಲ್ಲ. ತನಗೆ ಅನುಭವವಾಗಿರುವುದನ್ನು ಮಾತ್ರ ಹೇಳಿದ್ದಾರೆ. 'ಖಾರ ತಿಂದು ಉಷ್ಣವಾಗಿದೆ' ಎಂದು ಪ್ರಾರಂಭಿಸಿದ್ದಲ್ಲಿ ಮಾತು ಊಟದ ಕಡೆಗೆ ತಿರುಗುತ್ತಿತ್ತು. ಮಂಡಿನೋವಿನ ಗುಳಿಗೆಯ ವಿಷಯ ಹೊರಗೆ ಬರುವ ಮೊದಲೇ ಸಮಯ ಮುಗಿಯುವ ಸಂಭವವಿತ್ತು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವುನಿವಾರಕಗಳು ಜಠರದ ಒಳಪೊರೆಯ ರಕ್ಷಣೆಯನ್ನು ಕುಗ್ಗಿಸಿ ಹುಣ್ಣು ಮತ್ತು ರಕ್ತಸ್ರಾವವನ್ನು ಉಂಟುಮಾಡಬಲ್ಲವು. ಮಂಡಿನೋವಿನ ಗುಳಿಗೆಗೂ ಎದೆಯುರಿಗೂ ಸಂಬಂಧವಿದೆಯೆಂದು ರೋಗಿಗೆ ತೋಚದಿರುವುದು ಸಹಜ. ಆದುದರಿಂದಲೇ ಸಂಬಂಧವಿಲ್ಲವೆಂದು ತೋರುವ ಔಷಧವನ್ನೂ, ನಾಟಿ ಔಷಧವನ್ನೂ ತಪ್ಪದೆ ತಿಳಿಸಬೇಕು. ಹೃದಯಕ್ಕಾಗಿ ಕೊಟ್ಟಿರುವ ಆಸ್ಪಿರಿನ್ ಗುಳಿಗೆಯನ್ನು ಮಾತ್ರ ವೈದ್ಯರು ಹೇಳದ ಹೊರತು ತಾವಾಗಿ ನಿಲ್ಲಿಸಬಾರದು.

ಮಲದ ಬಣ್ಣವನ್ನು ಕೇಳುವುದಕ್ಕೆ ಕಾರಣವಿದೆ. ಜಠರದಲ್ಲಿ ಸ್ರವಿಸಿದ ರಕ್ತವು ಕೆಳಗಿಳಿಯುವಷ್ಟರಲ್ಲಿ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗುತ್ತದೆ. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುವುದರಿಂದ, ಅಂತಹ ಗುಳಿಗೆ ಸೇವಿಸುತ್ತಿದ್ದಲ್ಲಿ ಅದನ್ನೂ ಹೇಳಬೇಕು. 55 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಇಂತಹ ಉರಿಯೊಂದಿಗೆ ತೂಕ ಇಳಿದಿದ್ದಲ್ಲಿ, ಅಥವಾ ಯಾವುದೇ ವಯಸ್ಸಿನವರಿಗೆ ಆಹಾರ ನುಂಗಲು ತೊಡಕಾಗುತ್ತಿದ್ದಲ್ಲಿ, ವೈದ್ಯರು ಎಂಡೋಸ್ಕೋಪಿ ಪರೀಕ್ಷೆಗೆ ಶೀಘ್ರವಾಗಿ ಕಳುಹಿಸುತ್ತಾರೆ. ಅಂಗಡಿಯಿಂದ ತಂದ 'ಗ್ಯಾಸ್ ಗುಳಿಗೆ'ಯನ್ನು, ಅಂದರೆ ಒಮೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲನ್ನು, ಕಳೆದ ಎರಡು ವಾರಗಳಲ್ಲಿ ಸೇವಿಸಿದ್ದಲ್ಲಿ ಅದನ್ನೂ ತಿಳಿಸಬೇಕು. ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾವನ್ನು ಪತ್ತೆ ಹಚ್ಚುವ ಪರೀಕ್ಷೆಯು ಇದರಿಂದ ತಪ್ಪು ಫಲಿತಾಂಶ ನೀಡಬಹುದು.

ಕೊನೆಯಲ್ಲಿ ರೋಗಿಯು ವೈದ್ಯರ ಸೂಚನೆಯನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿರುವುದನ್ನು ಗಮನಿಸಬೇಕು. ಸುಮ್ಮನೆ ತಲೆಯಾಡಿಸಿದರೆ ತಪ್ಪು ತಿಳಿದಿರುವುದು ಬೆಳಕಿಗೆ ಬರುವುದಿಲ್ಲ. ಅಲ್ಲದೆ ನಾವು ಹೌದೆಂದು ಪಕ್ಕಕ್ಕೆ ತಲೆಯಾಡಿಸುವುದನ್ನು ಅಲ್ಲಿನವರು ಇಲ್ಲವೆಂದು ಭಾವಿಸಬಹುದು. ಬಾಯಿಮಾತಿನಲ್ಲಿ 'ಯೆಸ್' ಅಥವಾ 'ನೋ' ಎನ್ನಬೇಕು.

5. ತಪ್ಪು ಅರ್ಥ ಕೊಡುವ ಮಾತುಗಳು

ಕೆಲವು ಮಾತುಗಳನ್ನು ನೇರವಾಗಿ ಇಂಗ್ಲಿಷಿಗೆ ತಂದಲ್ಲಿ ಅರ್ಥ ಬದಲಾಗುತ್ತದೆ.

ಉಷ್ಣ: ಇದನ್ನು 'ಹೀಟ್' ಎಂದರೆ ವೈದ್ಯರು ಜ್ವರವೆಂದು ತಿಳಿಯಬಹುದು. ಉರಿಮೂತ್ರ, ಬಾಯಿಹುಣ್ಣು, ಕಣ್ಣುರಿ ಇವುಗಳಲ್ಲಿ ಯಾವುದು ಆಗಿದೆಯೋ ಅದನ್ನೇ ಹೇಳಬೇಕು.

ಚಕ್ಕರ್: ಸುತ್ತಲಿನ ವಸ್ತುಗಳು ತಿರುಗಿದಂತಾದರೆ 'ದ ರೂಮ್ ಈಸ್ ಸ್ಪಿನ್ನಿಂಗ್' ಎನ್ನಬೇಕು. ಕಣ್ಣು ಕತ್ತಲಿಟ್ಟು ಬೀಳುವಂತಾದರೆ 'ಐ ಫೀಲ್ ಫೇಂಟ್' ಎನ್ನಬೇಕು. ಎರಡಕ್ಕೂ ಕಾರಣಗಳು ಬೇರೆ.

ಜಡ್ಡು: ಜ್ವರವಿದ್ದಲ್ಲಿ ಅಳೆದು ಹೇಳಬೇಕು. ಅಲ್ಲಿ ಸೆಲ್ಸಿಯಸ್ ಮಾಪನ ರೂಢಿಯಲ್ಲಿದೆ. ನಮ್ಮ 101 ಡಿಗ್ರಿ ಫ್ಯಾರನ್‌ಹೀಟ್ ಅಲ್ಲಿ 38.3 ಡಿಗ್ರಿ.

ಸಕ್ಕರೆ ಪ್ರಮಾಣ: ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಅಲ್ಲಿನ ಅಂಕಿ ದೊರೆಯುತ್ತದೆ. ಇಲ್ಲಿನ 180 ಅಲ್ಲಿ 10 ಆಗುತ್ತದೆ.

6. ಭೇಟಿಯ ದಿನಕ್ಕಾಗಿ ಕಾಯಬಾರದ ಸಂದರ್ಭಗಳು

ಎದೆಯಲ್ಲಿ ಬಿಗಿತ ಅಥವಾ ಭಾರ, ತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಅಥವಾ ರಕ್ತವಾಂತಿ ಕಂಡುಬಂದಲ್ಲಿ ಕೂಡಲೇ 999ಕ್ಕೆ ಕರೆ ಮಾಡತಕ್ಕದ್ದು. ಹೃದಯಾಘಾತದ ನೋವೂ ಕೆಲವರಲ್ಲಿ, ವಿಶೇಷವಾಗಿ ಮಧುಮೇಹಿಗಳಲ್ಲಿ, ಬರೀ ಎದೆಯುರಿಯಂತೆ ತೋರಬಹುದು. ಡಾಂಬರಿನಂತಹ ಮಲ ಕಂಡುಬಂದಲ್ಲಿ ಅದೇ ದಿನ 111ಕ್ಕೆ ಕರೆ ಮಾಡಬೇಕು. ಅದರೊಂದಿಗೆ ನಿತ್ರಾಣವಾಗಿ ಬೀಳುವಂತಾದರೆ 999ಕ್ಕೆ ಕರೆ ಮಾಡಬೇಕು. ಎರಡೂ ಸಂಖ್ಯೆಗಳಿಗೆ ಶುಲ್ಕವಿರುವುದಿಲ್ಲ. ಕರೆ ಮಾಡಿದಾಗ ಮೊದಲು ಹೇಳಬೇಕಾದ ಮಾತುಗಳು ಹೀಗಿವೆ.

ರೋಗಿ: ಚೆಸ್ಟ್ ಪೇನ್. ಐ ಸ್ಪೀಕ್ ಕನ್ನಡ, ಸೌತ್ ಇಂಡಿಯಾ. ಇಂಟರ್‌ಪ್ರಿಟರ್, ಪ್ಲೀಸ್.
ಅರ್ಥ: ಎದೆನೋವು. ನಾನು ಮಾತನಾಡುವುದು ದಕ್ಷಿಣ ಭಾರತದ ಕನ್ನಡ. ದಯವಿಟ್ಟು ದುಭಾಷಿಯನ್ನು ಕೊಡಿ.

ಸೂಚನೆ: ಈ ಮಾಹಿತಿಯು ಮಾತುಕತೆಗೆ ನೆರವಾಗಲು ಮಾತ್ರ. ಔಷಧವನ್ನು ಪ್ರಾರಂಭಿಸುವ ಅಥವಾ ನಿಲ್ಲಿಸುವ ನಿರ್ಧಾರವನ್ನು ವೈದ್ಯರ ಸಲಹೆಯ ಮೇರೆಗೆ ಕೈಗೊಳ್ಳತಕ್ಕದ್ದು.