ಹತ್ತು ಮೀಟರ್ ಕೇಬಲ್‌ನಲ್ಲಿ 4ಕೆ ಚಿತ್ರ ಮಾಯವಾಗುವುದೇಕೆ?

ಹಾಲ್‌ನ ಒಂದು ಗೋಡೆಯ ಬಳಿ ಸ್ಟ್ರೀಮಿಂಗ್ ಬಾಕ್ಸ್, ಎದುರುಬದಿಯ ಸೀಲಿಂಗ್‌ನಲ್ಲಿ ಪ್ರೊಜೆಕ್ಟರ್. ಮನೆ ಕಟ್ಟುವಾಗಲೇ ಪೈಪಿನೊಳಗೆ ಎಳೆದಿಟ್ಟ 10 ಮೀಟರ್ ಎಚ್‌ಡಿಎಂಐ ಕೇಬಲ್ ಇವೆರಡನ್ನೂ ಸೇರಿಸುತ್ತದೆ. ಫುಲ್ ಎಚ್‌ಡಿ ಪ್ರೊಜೆಕ್ಟರ್ ಇದ್ದಷ್ಟು ವರ್ಷ ಆ ಕೇಬಲ್ ಒಂದು ತಕರಾರೂ ಮಾಡಲಿಲ್ಲ. ಅದರ ಜಾಗಕ್ಕೆ 4ಕೆ ಪ್ರೊಜೆಕ್ಟರ್ ಬಂದ ದಿನದಿಂದ ತೊಂದರೆ ಶುರು. ಸಿನಿಮಾ ಹಾಕಿದರೆ ಸರಾಗವಾಗಿ ಓಡುತ್ತದೆ. ಕ್ರಿಕೆಟ್ ಹಾಕಿದರೆ ಅಲ್ಲಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ, ಆಮೇಲೆ ತೆರೆ ಎರಡು ಮೂರು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಜನ ಮೊದಲು ಅನುಮಾನಿಸುವುದು ಹೊಸ ಪ್ರೊಜೆಕ್ಟರನ್ನು, ಆಮೇಲೆ ಬಾಕ್ಸನ್ನು. ಹತ್ತರಲ್ಲಿ ಒಂಬತ್ತು ಪಾಲು ಅವೆರಡರಲ್ಲೂ ದೋಷವಿರುವುದಿಲ್ಲ ಎಂಬುದು ನನ್ನ ಅನಿಸಿಕೆ.

ಸಿನಿಮಾ ಓಡಿ ಕ್ರಿಕೆಟ್ ನಿಂತಿದ್ದೇ ಇಲ್ಲಿ ದೊಡ್ಡ ಸುಳಿವು. ಫುಲ್ ಎಚ್‌ಡಿ ಚಿತ್ರ ಸೆಕೆಂಡಿಗೆ 60 ಫ್ರೇಮ್‌ನಂತೆ ಹೋಗುವಾಗ ಕೇಬಲ್ ಸುಮಾರು ನಾಲ್ಕೂವರೆ ಗಿಗಾಬಿಟ್ ಹೊರುತ್ತದೆ. 4ಕೆಯಲ್ಲಿ ಚುಕ್ಕೆಗಳು ನಾಲ್ಕು ಪಟ್ಟು, ಹಾಗಾಗಿ ಹೊರೆಯೂ ನಾಲ್ಕು ಪಟ್ಟಾಗಿ 18 ಗಿಗಾಬಿಟ್‌ನ ಹತ್ತಿರಕ್ಕೆ ಹೋಗುತ್ತದೆ. ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ. ಬಾಕ್ಸ್ ಅದನ್ನು ಅದೇ ವೇಗದಲ್ಲಿ ಕಳಿಸುವಂತೆ ಸೆಟ್ ಆಗಿದ್ದರೆ 4ಕೆ ಆದರೂ ಹೊರೆ ಸುಮಾರು 9ರಿಂದ 11 ಗಿಗಾಬಿಟ್‌ನಲ್ಲೇ ನಿಲ್ಲುತ್ತದೆ. ಕ್ರಿಕೆಟ್ 50 ಅಥವಾ 60 ಫ್ರೇಮ್‌ನದು. ಅಲ್ಲಿ ಪೂರ್ತಿ 18ರ ಹೊರೆ ಬೀಳಬಹುದು. ಹೀಗೆ ಒಂದೇ ಕೇಬಲ್ ಒಂದನ್ನು ದಾಟಿಸಿ ಇನ್ನೊಂದರಲ್ಲಿ ಸೋಲುತ್ತದೆ.

ತಾಮ್ರದ ತಂತಿಯಲ್ಲಿ ಈ ವೇಗಕ್ಕೆ ಏನಾಗುತ್ತದೆ? ಕೇಬಲ್‌ನೊಳಗೆ ಚಿತ್ರ ಹೊರುವ ತಂತಿಗಳು ಜೋಡಿ ಜೋಡಿಯಾಗಿರುತ್ತವೆ. 4ಕೆ 60 ಫ್ರೇಮ್‌ನಲ್ಲಿ ಒಂದೊಂದು ಜೋಡಿಯೂ ಸೆಕೆಂಡಿಗೆ ಸುಮಾರು 6 ಗಿಗಾಬಿಟ್ ಸಾಗಿಸಬೇಕು. ಅಷ್ಟು ವೇಗದಲ್ಲಿ ಕರೆಂಟು ತಂತಿಯ ಒಳಗೆಲ್ಲ ಹರಿಯದೆ ಮೇಲ್ಮೈಗೆ ಒತ್ತಿಕೊಳ್ಳುತ್ತದೆ. ಅದು ಬಳಸುವ ಪದರದ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ದಾರಿ ಕಿರಿದಾದಷ್ಟೂ ರೋಧ ಹೆಚ್ಚು. ಜೊತೆಗೆ ತಂತಿಯ ಸುತ್ತಲಿನ ಪ್ಲಾಸ್ಟಿಕ್ ಕೂಡ ವೇಗ ಏರಿದಂತೆ ಸಿಗ್ನಲ್‌ನ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಈ ನಷ್ಟ ಪ್ರತಿ ಮೀಟರಿಗೂ ಕೂಡುತ್ತಾ ಹೋಗುತ್ತದೆ. ಎರಡು ಮೀಟರಿನಲ್ಲಿ ಲೆಕ್ಕಕ್ಕೆ ಬಾರದ್ದು ಹತ್ತು ಮೀಟರಿನಲ್ಲಿ ಮುಳುಗಿಸುವಷ್ಟಾಗುತ್ತದೆ.

ಸಿಗ್ನಲ್ ಬರೀ ಕ್ಷೀಣಿಸಿದ್ದರೆ ಹೇಗೋ ಹಿಗ್ಗಿಸಿಕೊಳ್ಳಬಹುದಿತ್ತು. ತೊಂದರೆಯೆಂದರೆ, ವೇಗವಾಗಿ ಬದಲಾಗುವ ಭಾಗ ಹೆಚ್ಚು ಕ್ಷೀಣಿಸಿ, ನಿಧಾನವಾಗಿ ಬದಲಾಗುವ ಭಾಗ ಉಳಿದುಕೊಳ್ಳುತ್ತದೆ. ಅದರಿಂದ ಒಂದೊಂದು ಬಿಟ್ಟಿನ ಅಂಚು ಹರಡಿ ಪಕ್ಕದ ಬಿಟ್ಟಿನ ಮೇಲೆ ಬೀಳುತ್ತದೆ. ಖಾಲಿ ಕಲ್ಯಾಣಮಂಟಪದಲ್ಲಿ ನಿಧಾನವಾಗಿ ಆಡಿದ ಮಾತು ಕೇಳಿಸಿ, ಗಡಿಬಿಡಿಯಲ್ಲಿ ಆಡಿದ ಮಾತು ಒಂದರ ಮೇಲೊಂದು ಬಿದ್ದು ಕಲಸಿಹೋಗುವ ಹಾಗೆ ಇದು. ಈ ವೇಗದಲ್ಲಿ ತಂತಿಯ ಮೇಲೆ ಒಂದು ಬಿಟ್ಟು ಹಿಡಿಯುವ ಜಾಗ ಸುಮಾರು ಮೂರೂವರೆ ಸೆಂಟಿಮೀಟರ್. ಹಾಗಾಗಿ ಜೋಡಿಯ ಎರಡು ತಂತಿಗಳ ಉದ್ದದಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಸಾಕು, ಸಿಗ್ನಲ್ ಕೆಡುತ್ತದೆ.

ಪ್ರೊಜೆಕ್ಟರಿನೊಳಗಿನ ಚಿಪ್ ಈ ಕಲಸುಮೇಲೋಗರವನ್ನು ಒಂದು ಮಟ್ಟದವರೆಗೆ ತಿದ್ದಿಕೊಳ್ಳುತ್ತದೆ. ಅಲ್ಲಿಯವರೆಗೆ ಚಿತ್ರದಲ್ಲಿ ಕೊಂಚವೂ ಕೊರತೆ ಕಾಣದು. ಗಡಿ ದಾಟಿದ ಕೂಡಲೇ ಅಲ್ಲೊಂದು ಇಲ್ಲೊಂದು ಬಿಟ್ಟು ತಪ್ಪಾಗಿ ಓದಿಕೊಂಡು ಮಿನುಗುವ ಚುಕ್ಕೆಗಳಾಗುತ್ತವೆ. ತಪ್ಪುಗಳು ಇನ್ನೂ ಹೆಚ್ಚಿದರೆ ಪ್ರೊಜೆಕ್ಟರಿಗೆ ತಾಳವೇ ತಪ್ಪುತ್ತದೆ. ಅದು ಹೊಸದಾಗಿ ಸಿಗ್ನಲ್ ಹಿಡಿದು, ಕಾಪಿ ತಡೆಯುವ ಬೀಗವನ್ನು ಬಾಕ್ಸ್‌ನೊಂದಿಗೆ ಮತ್ತೆ ಹೊಂದಿಸಿಕೊಳ್ಳುವಷ್ಟು ಹೊತ್ತು ತೆರೆ ಕಪ್ಪು.

ಇಷ್ಟಾದರೂ ಬಾಕ್ಸ್ ಮೊದಲೇ ಎಚ್ಚರಿಸುವುದಿಲ್ಲವೇಕೆ? 'ನಾನು 4ಕೆ 60 ತೋರಿಸಬಲ್ಲೆ' ಎಂದು ಪ್ರೊಜೆಕ್ಟರ್ ತಿಳಿಸುವುದು ಬೇರೆಯೇ ತಂತಿಗಳಲ್ಲಿ, ಅದೂ ತೀರ ನಿಧಾನದಲ್ಲಿ. ಎಂಥ ಕಳಪೆ ಕೇಬಲ್ ಆದರೂ ಆ ಮಾತನ್ನು ದಾಟಿಸಿಬಿಡುತ್ತದೆ. 18 ಗಿಗಾಬಿಟ್‌ವರೆಗಿನ ಹಳೆಯ ವಿಧಾನದಲ್ಲಿ ಬಾಕ್ಸ್ ಅದನ್ನು ನಂಬಿ ಪೂರ್ತಿ ವೇಗದಲ್ಲಿ ಕಳಿಸುತ್ತದೆ. ನಡುವಿನ ಕೇಬಲ್ ತಾಳುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದಿಲ್ಲ. 48 ಗಿಗಾಬಿಟ್‌ವರೆಗಿನ ಹೊಸ ವಿಧಾನದಲ್ಲಿ ಮಾತ್ರ ಎರಡೂ ಸಾಧನಗಳು ಮೊದಲು ಕೇಬಲ್ಲನ್ನು ಪರೀಕ್ಷಿಸಿ, ತಾಳದಿದ್ದರೆ ವೇಗ ಇಳಿಸಿಕೊಳ್ಳುತ್ತವೆ.

ಆದ್ದರಿಂದ ಪರೀಕ್ಷೆ ನಾವೇ ಮಾಡಬೇಕು. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ 4ಕೆ 60ನ್ನು 4ಕೆ 30ಕ್ಕೆ ಇಳಿಸಿ, ತೊಂದರೆ ಕೊಟ್ಟ ಕಾರ್ಯಕ್ರಮವನ್ನೇ ಹಾಕಿ ನೋಡಿ. ಚಿತ್ರ ಅಲುಗದೆ ನಿಂತರೆ ಅನುಮಾನ ಕೇಬಲ್ ಕಡೆಗೆ ತಿರುಗುತ್ತದೆ. ಖಾತ್ರಿಗೆ, ಬಾಕ್ಸನ್ನೇ ಪ್ರೊಜೆಕ್ಟರ್ ಬಳಿಗೊಯ್ದು ಎರಡು ಮೀಟರಿನ ಒಳ್ಳೆಯ ಕೇಬಲ್‌ನಿಂದ 4ಕೆ 60 ಓಡಿಸಿ. ಅಲ್ಲಿ ಸರಿಯಿದ್ದರೆ ಸಂಶಯವೇ ಬೇಡ. ಹೊಸ ಕೇಬಲ್ ಬರುವವರೆಗೆ ಬಣ್ಣದ ಸೆಟ್ಟಿಂಗನ್ನು 4:2:0ಗೆ ಇಳಿಸಿಕೊಂಡರೆ ಹೊರೆ ಸಾಕಷ್ಟು ತಗ್ಗುತ್ತದೆ. ವಿಡಿಯೊ ನೋಡುವಾಗ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ.

ಅಂಗಡಿಯಲ್ಲಿ '2.0 ಕೇಬಲ್', '2.1 ಕೇಬಲ್' ಎಂದು ಕೇಳಬೇಡಿ. ಆ ಅಂಕಿಗಳು ಸಾಧನಗಳ ನಿಯಮಾವಳಿಯವು. ಕೇಬಲ್ ಅಳೆಯುವುದು ಬೇರೆ ಹೆಸರುಗಳಿಂದ. ಬರೀ 'ಹೈ ಸ್ಪೀಡ್' ಎಂದರೆ 10.2 ಗಿಗಾಬಿಟ್, ನಮ್ಮ ಪೈಪಿನೊಳಗಿನ ಕೇಬಲ್ ಸೋತಿದ್ದು ಇದಕ್ಕೇ. 'ಪ್ರೀಮಿಯಂ ಹೈ ಸ್ಪೀಡ್' ಎಂದರೆ 18, ಅಂದರೆ 4ಕೆ 60ಕ್ಕೆ ಸಾಕು. 'ಅಲ್ಟ್ರಾ ಹೈ ಸ್ಪೀಡ್' ಎಂದರೆ 48. 4ಕೆ 120ರಲ್ಲಿ ಆಡುವ ಗೇಮಿಂಗ್ ಕನ್ಸೋಲ್‌ಗೆ ಇದೇ ಬೇಕು. ಈ ಕೊನೆಯ ಎರಡಕ್ಕೂ ಡಬ್ಬದ ಮೇಲೆ ಕ್ಯೂಆರ್ ಕೋಡ್ ಇರುವ ದೃಢೀಕರಣದ ಚೀಟಿ ಅಂಟಿಸಿರುತ್ತಾರೆ. ಎಚ್‌ಡಿಎಂಐ ಸಂಸ್ಥೆಯ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಚೀಟಿ ಇಲ್ಲದ ಡಬ್ಬದ ಮೇಲೆ '8ಕೆ' ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ನಾನಂತೂ ಹಣ ಕೊಡುವುದಿಲ್ಲ.

ಆದರೆ ಹತ್ತು ಮೀಟರಿಗೆ ಬರೀ ತಾಮ್ರದಲ್ಲಿ ಅಲ್ಟ್ರಾ ಹೈ ಸ್ಪೀಡ್ ದೊರೆಯುವುದನ್ನು ನೆಚ್ಚಿಕೊಳ್ಳಬೇಡಿ. ಸಾಮಾನ್ಯವಾಗಿ ಮೂರರಿಂದ ಐದು ಮೀಟರಿಗೆ ತಾಮ್ರದ ಆಟ ಮುಗಿಯುತ್ತದೆ. ಅದರಾಚೆಗೆ ಬೇಕಿರುವುದು ಆಪ್ಟಿಕಲ್ ಎಚ್‌ಡಿಎಂಐ. ಅದರ ಎರಡೂ ತಲೆಗಳಲ್ಲಿ ಪುಟ್ಟ ಚಿಪ್‌ಗಳಿರುತ್ತವೆ. ಒಂದು ಸಿಗ್ನಲ್ಲನ್ನು ಬೆಳಕಾಗಿಸಿ ಗಾಜಿನೆಳೆಯಲ್ಲಿ ಕಳಿಸುತ್ತದೆ, ಇನ್ನೊಂದು ಅದನ್ನು ಮತ್ತೆ ವಿದ್ಯುತ್ತಾಗಿಸುತ್ತದೆ. ಈ ಉದ್ದದಲ್ಲಿ ಬೆಳಕಿಗೆ ನಷ್ಟವೆಂಬುದೇ ಇಲ್ಲದಂತೆ. ಇಲ್ಲಿಯೂ ದೃಢೀಕರಣದ ಚೀಟಿ ಇರುವುದನ್ನೇ ಆರಿಸಿ.

ಎಳೆಯುವ ಮುನ್ನ ಕೆಲವು ವಿಷಯ ಗಮನಿಸಿ. ಈ ಕೇಬಲ್‌ಗೆ ದಿಕ್ಕಿದೆ. ತಲೆಯ ಮೇಲೆ ಬರೆದಿರುವಂತೆ 'ಸೋರ್ಸ್' ತುದಿ ಬಾಕ್ಸ್‌ಗೆ, 'ಡಿಸ್‌ಪ್ಲೇ' ತುದಿ ಪ್ರೊಜೆಕ್ಟರ್‌ಗೆ ಹೋಗಬೇಕು. ಚಿಪ್‌ಗಳಿಗೆ ಕರೆಂಟು ಬಾಕ್ಸ್‌ನಿಂದಲೇ ಬರಬೇಕು, ಆದರೆ ಎಚ್‌ಡಿಎಂಐ ಪೋರ್ಟ್ 5 ವೋಲ್ಟ್‌ನಲ್ಲಿ ಖಾತ್ರಿಯಾಗಿ ಕೊಡುವುದು 55 ಮಿಲಿಆಂಪ್ ಮಾತ್ರ. ಅದು ಸಾಲದೆ ಚಿತ್ರವೇ ಬಾರದಿದ್ದರೆ, ಯುಎಸ್‌ಬಿಯಿಂದ ಕರೆಂಟು ಕೊಡುವ ವ್ಯವಸ್ಥೆಯಿರುವ ಕೇಬಲ್ ತೆಗೆದುಕೊಳ್ಳಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಎಚ್‌ಡಿಎಂಐ ತಲೆ ತೂರುವುದು ಕಷ್ಟ. ತಲೆ ಬಿಚ್ಚಿ ಚಿಕ್ಕದಾಗಿಸಬಹುದಾದ ಆಪ್ಟಿಕಲ್ ಕೇಬಲ್‌ಗಳೂ ಸಿಗುತ್ತವೆ. ಪೈಪಿಗೆ ಹಾಕುವ ಮೊದಲು ಕೇಬಲ್ಲನ್ನು ನೆಲದ ಮೇಲೇ ಹರಡಿ, ಬಾಕ್ಸ್ ಮತ್ತು ಪ್ರೊಜೆಕ್ಟರಿಗೆ ಸಿಕ್ಕಿಸಿ, ಒಂದು ಪೂರ್ತಿ ಪಂದ್ಯ ನೋಡಿ. ಎಳೆಯುವಾಗ ತಲೆಯನ್ನು ಹಿಡಿದು ಜಗ್ಗಬೇಡಿ, ಮೂಲೆಗಳಲ್ಲಿ ಚೂಪಾಗಿ ಮಡಿಸಬೇಡಿ. ಒಳಗಿನ ಗಾಜಿನೆಳೆ ಮುರಿದರೆ ಬೆಸುಗೆ ಹಾಕಿ ಸರಿಪಡಿಸಲು ಬರುವುದಿಲ್ಲ.