ಮೋಲ್ಡಿಗೆ ಎಷ್ಟು ನೀರು, ಯಾವಾಗ ನೀರು?

ಮನೆ ಕಟ್ಟಿಸುವವರು ಮೋಲ್ಡ್ ಹಾಕುವ ದಿನ ಸಿಮೆಂಟ್ ಮೂಟೆ ಎಣಿಸುತ್ತಾರೆ, ಕಂಬಿಯ ದಪ್ಪ ನೋಡುತ್ತಾರೆ, ಜಲ್ಲಿಯಲ್ಲಿ ಮಣ್ಣಿದೆಯೇ ಎಂದು ಕೈಯಾಡಿಸುತ್ತಾರೆ. ಮಿಕ್ಸರ್ ಪಕ್ಕದ ಡ್ರಮ್ಮಿನಿಂದ ಎಷ್ಟು ಬಕೆಟ್ ನೀರು ಹೋಯಿತು ಎಂದು ಮಾತ್ರ ಯಾರೂ ಲೆಕ್ಕ ಇಡುವುದಿಲ್ಲ. ಮೇಲೆ ನಿಂತವನು 'ಗಟ್ಟಿಯಾಯ್ತು, ಇನ್ನೊಂಚೂರು ನೀರು ಬಿಡೋ' ಎಂದು ಕೂಗುತ್ತಾನೆ, ಕೆಳಗಿನವನು ಬಿಡುತ್ತಾನೆ. ಮೋಲ್ಡಿನ ಬಲ ಕುಗ್ಗುವುದು ಹೆಚ್ಚಾಗಿ ಇಲ್ಲೇ.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸಿಮೆಂಟಿನ ಕಣ ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿ, ಮರಳು ಜಲ್ಲಿಯನ್ನು ಹಿಡಿದಿಡುವ ಅಂಟಾಗಿ ಮಾರ್ಪಡುತ್ತದೆ. 50 ಕೆ.ಜಿ.ಯ ಒಂದು ಮೂಟೆ ಸಿಮೆಂಟು ಪೂರ್ತಿ ಹೀಗೆ ಮಾರ್ಪಡಲು ಸುಮಾರು 11-12 ಲೀಟರ್ ನೀರನ್ನು ತನ್ನೊಳಗೇ ಕಟ್ಟಿಕೊಳ್ಳುತ್ತದೆ. ಇನ್ನು ಏಳೆಂಟು ಲೀಟರ್ ಆ ಅಂಟಿನ ಅತಿಸೂಕ್ಷ್ಮ ರಂಧ್ರಗಳಲ್ಲಿ ನಿಲ್ಲುತ್ತದೆ. ಒಟ್ಟು 19 ಲೀಟರ್ ಎನ್ನಿ. ಅದಕ್ಕಿಂತ ಹೆಚ್ಚಾಗಿ ಹಾಕುವ ನೀರೆಲ್ಲ ಕಲಸಲು, ಕಂಬಿಯ ಸಂದಿಗೆ ಇಳಿಸಲು ಬೇಕಾದದ್ದು. ಕೆಲಸ ಮುಗಿದ ಮೇಲೆ ಅದು ಆವಿಯಾಗಿ ಹೋದರೂ, ಅದು ಕೂತಿದ್ದ ಜಾಗ ಟೊಳ್ಳಾಗಿಯೇ ಉಳಿಯುತ್ತದೆ.

ಈಗ ಲೆಕ್ಕ ನೋಡೋಣ. ಮೂಟೆಗೆ 25 ಲೀಟರ್ ನೀರು ಹಾಕಿದರೆ ನೀರಿನ ತೂಕ ಸಿಮೆಂಟಿನ ಅರ್ಧ. ಎಂಜಿನಿಯರುಗಳ ಮಾತಿನಲ್ಲಿ ಅನುಪಾತ 0.5. ಹೆಚ್ಚುವರಿ ನೀರು ಸುಮಾರು ಆರು ಲೀಟರ್. ಅದರ ಮೇಲೆ ಹತ್ತು ಲೀಟರಿನ ಒಂದೇ ಒಂದು ಬಕೆಟ್ ಸುರಿದರೆ ಅನುಪಾತ 0.7 ಆಗುತ್ತದೆ, ಹೆಚ್ಚುವರಿ ನೀರು 16 ಲೀಟರಿಗೇರುತ್ತದೆ. ಸಿಮೆಂಟು ಅಷ್ಟೇ, ಖರ್ಚು ಅಷ್ಟೇ, ಆದರೆ ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಖೋತಾ. ಈ ಸಂಬಂಧವನ್ನು ಷಿಕಾಗೋದ ಡಫ್ ಏಬ್ರಮ್ಸ್ 1918ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ನಮ್ಮ ಭಾರತೀಯ ಮಾನಕ ಐಎಸ್ 456, ಕಂಬಿ ಹಾಕಿದ ಕಾಂಕ್ರೀಟಿಗೆ ತೀರಾ ಸೌಮ್ಯ ವಾತಾವರಣದಲ್ಲೂ 0.55 ದಾಟಬೇಡಿ ಎನ್ನುತ್ತದೆ.

ಮರಳಿನಲ್ಲಿರುವ ನೀರೂ ಈ ಲೆಕ್ಕಕ್ಕೆ ಸೇರಬೇಕು. ಒಂದು ಮೂಟೆಗೆ ಸುಮಾರು 80 ಕೆ.ಜಿ. ಮರಳು ಬೀಳುತ್ತದೆ. ಮಳೆಯಲ್ಲಿ ನೆನೆದ ಎಂ-ಸ್ಯಾಂಡಿನಲ್ಲಿ ನೂರಕ್ಕೆ ಐದರಷ್ಟು ತೇವವಿದ್ದರೆ ನಾಲ್ಕು ಲೀಟರ್ ಆಗಲೇ ಒಳಗೆ ಬಂದಿರುತ್ತದೆ. ಆಗ ಸುರಿಯಬೇಕಾದದ್ದು 21 ಲೀಟರ್ ಮಾತ್ರ.

ಹಾಗೆಂದು ನೀರು ತೀರಾ ಕಡಿಮೆ ಮಾಡಿದರೆ ಕಾಂಕ್ರೀಟು ಕಂಬಿಯ ಕೆಳಗೆ ಇಳಿಯದೆ, ಸೆಂಟ್ರಿಂಗ್ ಬಿಚ್ಚಿದಾಗ ಜಲ್ಲಿ ಎದ್ದು ಕಾಣುವ ಪೊಳ್ಳುಗಳು ಸಿಗುತ್ತವೆ. ಮೇಸ್ತ್ರಿಯ ದೂರಿನಲ್ಲೂ ನಿಜವಿದೆ. ಅದಕ್ಕೆ ಮದ್ದು ನೀರಲ್ಲ. ವೈಬ್ರೇಟರ್ ಇರಲಿ, ಸಾಲದಿದ್ದರೆ ಅಳತೆ ನೋಡಿ ಪ್ಲಾಸ್ಟಿಸೈಸರ್ ಸೇರಿಸಲಿ. ರೆಡಿಮಿಕ್ಸ್ ಲಾರಿಗೂ ಇದೇ ಮಾತು: ಸೈಟಿನಲ್ಲಿ ಡ್ರಮ್ಮಿಗೆ ಪೈಪು ಬಿಡಲು ಒಪ್ಪಬೇಡಿ.

ನೀರು ಹೆಚ್ಚಾಯಿತೆಂದು ಕಣ್ಣಿಗೇ ಗೊತ್ತಾಗುತ್ತದೆ. ಹಾಕಿದ ಸ್ವಲ್ಪ ಹೊತ್ತಿಗೆ ಮೇಲೆ ತೆಳು ನೀರು ನಿಲ್ಲುತ್ತದೆ, ಜಲ್ಲಿ ತಳ ಸೇರುತ್ತದೆ. ಆ ನೀರಿನ ಮೇಲೆ ಒಣ ಸಿಮೆಂಟ್ ಉದುರಿಸಿ ತೀಡುವ ಅಭ್ಯಾಸವೊಂದಿದೆ. ನೋಡಲು ನುಣುಪು, ಆಮೇಲೆ ಆ ಪದರವೇ ಬಿರಿದು ಏಳುತ್ತದೆ. ಗಟ್ಟಿಯಾದ ಮೇಲೆ ಮೊಳೆಯಿಂದ ಗೀಚಿದರೆ ಬಿಳಿ ಪುಡಿ ಉದುರುವುದೂ ಒಂದು ಸುಳಿವು. ಖಚಿತವಾಗಿ ತಿಳಿಯಬೇಕಿದ್ದರೆ ಅದೇ ದಿನ 15 ಸೆಂ.ಮೀ.ನ ಕ್ಯೂಬುಗಳನ್ನು ತುಂಬಿಟ್ಟು, 28ನೆಯ ದಿನ ಪ್ರಯೋಗಾಲಯದಲ್ಲಿ ಒಡೆಸಬೇಕು.

ಒಳಗೆ ಇಷ್ಟು ಜಿಪುಣರಾಗಿದ್ದವರು ಮಾರನೆಯ ದಿನದಿಂದ ಹೊರಗೆ ಧಾರಾಳಿಗಳಾಗಬೇಕು. ಸಿಮೆಂಟು ನೀರಿನೊಂದಿಗೆ ಕೂಡುವ ಕೆಲಸ ವಾರಗಟ್ಟಲೆ ನಡೆಯುತ್ತದೆ. ಬಿಸಿಲು ಗಾಳಿಗೆ ಒಳಗಿನ ತೇವ ಹಾರಿಹೋದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮೊದಲು ಪೆಟ್ಟು ತಿನ್ನುವುದು ಕಂಬಿಗೆ ಹೊದಿಕೆಯಾಗಿರುವ ಮೇಲ್ಪದರ. ತಿಂಗಳು ಬಿಟ್ಟು ನೀರು ಹೊಡೆದರೆ ಕಳೆದ ಬಲ ಪೂರ್ತಿ ಮರಳುವುದಿಲ್ಲ. ಫೆಬ್ರವರಿ, ಮಾರ್ಚಿನ ಒಣ ಗಾಳಿಗೆ ಮೋಲ್ಡ್ ಹಾಕಿದ ಸಂಜೆಯೇ ಕೂದಲೆಳೆ ಬಿರುಕುಗಳು ಏಳಬಹುದು, ಅದಕ್ಕೆ ಮಟ್ಟ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಗಟ್ಟಿಯಾದ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಕಂಬಗಳಿಗೆ ದಿನಕ್ಕೆರಡು ಸಲ ಪೈಪಿನಲ್ಲಿ ಎರಚಿದರೆ ಸಾಲದು, ಗಂಟೆಯೊಳಗೆ ಒಣಗುತ್ತದೆ; ಗೋಣಿ ಸುತ್ತಿ ಅದನ್ನು ಸದಾ ಒದ್ದೆಯಾಗಿ ಇಡಬೇಕು.

ಎಷ್ಟು ದಿನ? ಸಾದಾ ಒಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ. ಹಾರುಬೂದಿ ಬೆರೆತ ಪಿಪಿಸಿ ನಿಧಾನವಾಗಿ ಬಲ ಪಡೆಯುವುದರಿಂದ ಅದಕ್ಕೆ ಕನಿಷ್ಠ 10, ಬಿರುಬೇಸಿಗೆಯಲ್ಲಿ 14 ದಿನ. ಮೂಟೆಯ ಮೇಲೆ ಯಾವುದು ಎಂದು ಮುದ್ರಿಸಿರುತ್ತದೆ, ಓದಿಕೊಳ್ಳಿ.

ಮೇಸ್ತ್ರಿಯೊಂದಿಗೆ ಚದರಡಿ ದರ ಮಾತಾಡುವಾಗಲೇ ಕ್ಯೂರಿಂಗ್ ಎಷ್ಟು ದಿನ, ನೀರು ಹೊಡೆಯುವವರು ಯಾರು, ಟ್ಯಾಂಕರಿನ ದುಡ್ಡು ಯಾರದು ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಮಿಕ್ಸರ್ ಪಕ್ಕ ಲೀಟರ್ ಗುರುತಿರುವ ಒಂದು ಬಕೆಟ್ ಇಡಿಸಿ.