ಮೊಬೈಲ್ ಸಂಖ್ಯೆಯ ವರ್ಗಾವಣೆ: ಹಳೆಯ ಬಾಡಿಗೆ, ಡೇಟಾ ಪ್ಯಾಕ್‌ಗಳ ಗತಿಯೇನು?

ಅಂಗಡಿಯ ಫಲಕ, ಬಿಲ್ ಪುಸ್ತಕ, ಬ್ಯಾಂಕ್ ಖಾತೆ, ಜಿ.ಎಸ್.ಟಿ. ನೋಂದಣಿ ಇವೆಲ್ಲದರಲ್ಲೂ ನಮೂದಾಗಿರುವ ಮೊಬೈಲ್ ಸಂಖ್ಯೆಯನ್ನು ಬದಲಿಸುವುದು ವರ್ತಕರಿಗೆ ಸುಲಭದ ಮಾತಲ್ಲ. ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವ ಸೌಲಭ್ಯವು ದೇಶದಾದ್ಯಂತ 2011ರ ಜನವರಿ 20ರಂದು ಜಾರಿಗೆ ಬಂದಿತು. ಒಂದು ರಾಜ್ಯದ ಸಂಖ್ಯೆಯನ್ನು ಮತ್ತೊಂದು ರಾಜ್ಯಕ್ಕೂ ಒಯ್ಯುವ ಅವಕಾಶ 2015ರ ಜುಲೈಯಲ್ಲಿ ದೊರೆಯಿತು. ಆದರೆ ಹೊಸ ಕಂಪನಿಗೆ ಹೋಗುವುದು ಸಂಖ್ಯೆ ಮಾತ್ರ. ಹಳೆಯ ಕಂಪನಿಯೊಡನೆ ಮಾಡಿಕೊಂಡ ಯೋಜನೆ, ಉಳಿದ ಡೇಟಾ, ಮಾಸಿಕ ಬಾಡಿಗೆಯ ಲೆಕ್ಕ ಇವಾವುವೂ ಅದರೊಡನೆ ಹೋಗುವುದಿಲ್ಲ. ವರ್ತಕರಿಗೆ ನಷ್ಟವಾಗುವುದು ಬಹುತೇಕ ಈ ಅಂಶದಲ್ಲಿಯೇ.

ವರ್ಗಾವಣೆಗೆ ಮೊದಲ ಹೆಜ್ಜೆಯೆಂದರೆ PORT ಎಂದು ಬರೆದು, ಒಂದು ಅಕ್ಷರದಷ್ಟು ಜಾಗ ಬಿಟ್ಟು, ಹತ್ತು ಅಂಕಿಯ ಸಂಖ್ಯೆಯನ್ನು ಸೇರಿಸಿ, ಅದೇ ಮೊಬೈಲಿನಿಂದ 1900ಕ್ಕೆ ಸಂದೇಶ ಕಳುಹಿಸುವುದು. ಅರ್ಹತೆಯಿದ್ದಲ್ಲಿ ಎಂಟು ಅಕ್ಷರ ಹಾಗೂ ಅಂಕಿಗಳ ಒಂದು ಸಂಕೇತ, ಅಂದರೆ ಯು.ಪಿ.ಸಿ., ಮರುಸಂದೇಶದಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಇದು ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಹೊಸ ಕಂಪನಿಯ ಮಳಿಗೆಯಲ್ಲಿ ಗುರುತಿನ ದಾಖಲೆಯೊಡನೆ ಅರ್ಜಿ ಸಲ್ಲಿಸಬೇಕು. ಒಂದೇ ವೃತ್ತದೊಳಗಿನ ವರ್ಗಾವಣೆ ಮೂರು ಕೆಲಸದ ದಿನಗಳಲ್ಲಿ, ವೃತ್ತದಿಂದ ವೃತ್ತಕ್ಕೆ ಹೋಗುವ ಸಂಖ್ಯೆಗಳದ್ದು ಹಾಗೂ ಸಂಸ್ಥೆಯ ಹೆಸರಿನಲ್ಲಿರುವ ಸಂಖ್ಯೆಗಳದ್ದು ಐದು ಕೆಲಸದ ದಿನಗಳಲ್ಲಿ ಮುಗಿಯಬೇಕೆಂಬುದು ನಿಯಮ. ಈಗಿನ ಕಂಪನಿಯಲ್ಲಿ 90 ದಿನ ಪೂರೈಸದವರಿಗೆ ಸಂಕೇತ ದೊರೆಯುವುದಿಲ್ಲ. 2024ರ ಜುಲೈ 1ರಿಂದ, ಸಿಮ್ ಬದಲಿಸಿ ಏಳು ದಿನ ಕಳೆಯದವರಿಗೂ ದೊರೆಯುವುದಿಲ್ಲ.

2019ರ ಡಿಸೆಂಬರ್ 16ರ ಮೊದಲು ಸಂಕೇತವನ್ನು ಹಳೆಯ ಕಂಪನಿಯೇ ನೀಡುತ್ತಿತ್ತು. ಬಾಕಿಯ ಕಾರಣದಿಂದ ಅರ್ಜಿ ತಿರಸ್ಕೃತವಾಗುವುದು ಆಮೇಲಿನ ಮಾತಾಗಿತ್ತು. ಈಗ ನಡುವಿನ ವರ್ಗಾವಣಾ ಸಂಸ್ಥೆಯು ಹಳೆಯ ಕಂಪನಿಯ ದಾಖಲೆಯೊಡನೆ ತಾಳೆ ನೋಡಿ, ಬಾಕಿ ಇಲ್ಲದಿದ್ದರೆ ಮಾತ್ರ ಸಂಕೇತ ಕೊಡುತ್ತದೆ. ಇದರಿಂದ ಒಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿದೆ. ಸಂಕೇತ ಬಂದಿತೆಂದರೆ ಹಳೆಯ ಲೆಕ್ಕ ಚುಕ್ತಾ ಆಯಿತೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅಲ್ಲಿ ಪರಿಶೀಲನೆಯಾಗುವುದು ಈಗಾಗಲೇ ನೀಡಲಾದ ಬಿಲ್ಲುಗಳ ಬಾಕಿ ಮಾತ್ರ. ಕೊನೆಯ ಬಿಲ್ಲಿನ ನಂತರ ಬಳಸಿದ ದಿನಗಳ ಲೆಕ್ಕ ಇನ್ನೂ ಬರೆಯಲ್ಪಟ್ಟೇ ಇರುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ದಾವಣಗೆರೆಯ ಜವಳಿ ವರ್ತಕರೊಬ್ಬರ ಪೋಸ್ಟ್‌ಪೇಯ್ಡ್ ಸಂಪರ್ಕಕ್ಕೆ ಮಾಸಿಕ ಬಾಡಿಗೆ ರೂ. 600 ಹಾಗೂ ಪ್ರತಿ ತಿಂಗಳು ತಾನಾಗಿ ನವೀಕರಣಗೊಳ್ಳುವ ಹೆಚ್ಚುವರಿ ಡೇಟಾ ಪ್ಯಾಕಿಗೆ ರೂ. 120 ಎಂದಿಟ್ಟುಕೊಳ್ಳೋಣ. ಬಿಲ್ಲಿನ ಅವಧಿ ಆರನೆಯ ತಾರೀಖಿನಿಂದ ಮುಂದಿನ ತಿಂಗಳ ಐದರವರೆಗೆ. ಬಾಡಿಗೆ ಲೆಕ್ಕವಾಗುವುದು ಅವಧಿ ಮುಗಿದ ಮೇಲೆ. ಜೂನ್ 6ರಂದು ಬಂದ ಬಿಲ್ಲನ್ನು ಅವರು ಪಾವತಿಸಿದರು, 25ರಂದು ಸಂಕೇತ ಪಡೆದರು, 30ರಂದು ಸಂಖ್ಯೆ ವರ್ಗಾವಣೆಯಾಯಿತು. ಜೂನ್ 6ರಿಂದ 30ರವರೆಗಿನ 25 ದಿನಗಳ ಲೆಕ್ಕ ಅಂತಿಮ ಬಿಲ್ಲಿನಲ್ಲಿ ಬರುತ್ತದೆ. ಬಾಡಿಗೆಯನ್ನು ದಿನಗಳಿಗೆ ಅನುಸಾರವಾಗಿ ಹಿಡಿದು, ಪ್ಯಾಕಿಗೆ ಪೂರ್ಣ ಮೊತ್ತ ಹಾಕುವ ಯೋಜನೆಯಾದರೆ 500 ಮತ್ತು 120 ಸೇರಿ ರೂ. 620, ಅದರ ಮೇಲೆ ಶೇ. 18ರ ತೆರಿಗೆ ಸೇರಿ ರೂ. 731.60 ಆಗುತ್ತದೆ. ಬಾಡಿಗೆಯನ್ನು ಕಡಿತಗೊಳಿಸದ ಯೋಜನೆಯಾದರೆ ರೂ. 849.60. ಎರಡರಲ್ಲಿ ಯಾವುದು ಅನ್ವಯವೆಂಬುದು ಯೋಜನೆಯ ಷರತ್ತುಗಳಲ್ಲಿರುತ್ತದೆ. ಹೊರಡುವ ಮುನ್ನವೇ ಕೇಳಿ ತಿಳಿಯುವುದು ಒಳಿತು. ಬಾಡಿಗೆಯನ್ನು ಮುಂಗಡವಾಗಿ ವಸೂಲು ಮಾಡುವ ಯೋಜನೆಗಳಲ್ಲಿ ಲೆಕ್ಕ ತಿರುಗುಮುರುಗಾಗಿ, ಬಳಸದ ದಿನಗಳ ಹಣ ಹಿಂದಿರುಗುವುದೇ ಎಂಬುದು ಪ್ರಶ್ನೆಯಾಗುತ್ತದೆ.

ಈ ಅಂತಿಮ ಬಿಲ್ಲು ಕೈಗೆ ಸೇರದಿರುವುದೇ ದೊಡ್ಡ ತೊಡಕು. ಸಂಖ್ಯೆ ಹೊರಟುಹೋದ ಮೇಲೆ ಹಳೆಯ ಕಂಪನಿಯ ಆ್ಯಪ್ ಸಾಮಾನ್ಯವಾಗಿ ತೆರೆಯುವುದಿಲ್ಲ. ಬಿಲ್ಲು ಯಾರೂ ನೋಡದ ಇ-ಮೇಲ್‌ಗೆ ಹೋಗಿ ಬೀಳುತ್ತದೆ. ಪಾವತಿಯಾಗದಿದ್ದರೆ ಹಳೆಯ ಕಂಪನಿಯು ಹೊಸ ಕಂಪನಿಗೆ ಬೇಡಿಕೆ ಸಲ್ಲಿಸಬಹುದು. ಆಗ ಮೊದಲು ಹೊರಹೋಗುವ ಕರೆಗಳು ನಿಲ್ಲುತ್ತವೆ, ಆಮೇಲೂ ಬಾಕಿ ಉಳಿದರೆ ಸಂಪರ್ಕವೇ ಕಡಿದುಹೋಗುತ್ತದೆ. ಹೊಸ ಕಂಪನಿಗೆ ಒಂದು ಪೈಸೆಯನ್ನೂ ಬಾಕಿ ಉಳಿಸಿಕೊಳ್ಳದವರ ಕರೆಗಳು ಇದ್ದಕ್ಕಿದ್ದಂತೆ ನಿಂತರೆ, ಹಳೆಯ ಬಿಲ್ಲನ್ನು ಮೊದಲು ವಿಚಾರಿಸಬೇಕು.

ಆದ್ದರಿಂದ ಸಂಕೇತ ಪಡೆಯುವ ಮುನ್ನವೇ ಆ್ಯಪಿನಲ್ಲಿ ಇ-ಮೇಲ್ ಹಾಗೂ ವಿಳಾಸವನ್ನು ಸರಿಪಡಿಸಿ, ಗ್ರಾಹಕ ಖಾತೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಹಿಂದಿನ ಬಿಲ್ಲುಗಳನ್ನು ಇಳಿಸಿಕೊಳ್ಳಬೇಕು. ಹೂಡುವಳಿ ತೆರಿಗೆಯ ಜಮೆ ಪಡೆಯುವವರಿಗೆ ಆ ಬಿಲ್ಲುಗಳು ಮುಂದೆಯೂ ಬೇಕಾಗುತ್ತವೆ. ಹೊಸ ಕಂಪನಿಯ ಅರ್ಜಿಯಲ್ಲಿಯೂ ಜಿ.ಎಸ್.ಟಿ. ಸಂಖ್ಯೆಯನ್ನು ಮೊದಲ ದಿನವೇ ನಮೂದಿಸತಕ್ಕದ್ದು.

ಬ್ಯಾಂಕಿನಿಂದ ಅಥವಾ ಯು.ಪಿ.ಐ. ಮೂಲಕ ತಾನಾಗಿ ಹಣ ಕಡಿತವಾಗುವ ಆಟೋಪೇ ಅನುಮತಿಯ ವಿಷಯ ಬೇರೆಯೇ. ಅದು ಗ್ರಾಹಕರು ಕೊಟ್ಟ ಅನುಮತಿಯಾದ ಕಾರಣ, ಸಂಖ್ಯೆ ಹೋದ ಮಾತ್ರಕ್ಕೆ ತಾನಾಗಿ ರದ್ದಾಗುತ್ತದೆಂದು ನಂಬಿ ಕೂರುವಂತಿಲ್ಲ. ವರ್ಗಾವಣೆಯ ದಿನವೇ ಅದನ್ನು ರದ್ದುಪಡಿಸುವ ಆತುರ ಕೆಲವರಿಗಿರುತ್ತದೆ, ಅದು ಸರಿಯಲ್ಲ. ಅಂತಿಮ ಬಿಲ್ಲು ಪಾವತಿಯಾಗುವವರೆಗೆ ಅದನ್ನಿರಿಸಿಕೊಂಡು, ಅನಂತರ ಯು.ಪಿ.ಐ. ಆ್ಯಪಿನ ಆಟೋಪೇ ವಿಭಾಗದಲ್ಲಿ ಅಥವಾ ಬ್ಯಾಂಕಿನಲ್ಲಿ ರದ್ದುಪಡಿಸುವುದೇ ಕ್ಷೇಮ. ಅದಕ್ಕೂ ಮುಂದೆ ಹಳೆಯ ಕಂಪನಿಯ ಹೆಸರಿನಲ್ಲಿ ಕಡಿತದ ಮುನ್ಸೂಚನೆ ಬಂದರೆ ಅನುಮತಿ ಇನ್ನೂ ಜೀವಂತವಿದೆಯೆಂದು ತಿಳಿಯಬೇಕು. ಭದ್ರತಾ ಠೇವಣಿ ಇಟ್ಟಿದ್ದಲ್ಲಿ, ಅಂತಿಮ ಬಿಲ್ಲಿಗೆ ಅದನ್ನು ವಜಾ ಮಾಡಲಾಗಿದೆಯೇ ಎಂದೂ ನೋಡಿಕೊಳ್ಳಬೇಕು.

ಪ್ರಿಪೇಯ್ಡ್ ಸಂಪರ್ಕದ ಲೆಕ್ಕ ಸರಳ, ಆದರೆ ಕಠಿಣ. ವರ್ಗಾವಣೆಯಾದ ಕ್ಷಣದಲ್ಲಿ ಉಳಿದ ಹಣ, ಉಳಿದ ಡೇಟಾ, ಉಳಿದ ದಿನಗಳು ಎಲ್ಲವೂ ಮುಟ್ಟುಗೋಲಾಗುತ್ತವೆ. ಅದೇ ಅಂಗಡಿಯ ಎರಡನೆಯ ಸಂಖ್ಯೆಗೆ 84 ದಿನಗಳ ಪ್ಯಾಕನ್ನು ರೂ. 840 ಕೊಟ್ಟು ಹಾಕಿಸಿ, 30ನೆಯ ದಿನ ವರ್ಗಾಯಿಸಿದರೆ 54 ದಿನಗಳ ರೂ. 540 ಹೋದಂತೆಯೇ. ಮುಂದಿನ ಸರದಿಗೆಂದು ಮೊದಲೇ ಹಾಕಿಸಿಟ್ಟ ರೀಚಾರ್ಜ್ ಸಹ ಕೈಬಿಡುತ್ತದೆ. 79 ಅಥವಾ 80ನೆಯ ದಿನದ ಸುಮಾರಿಗೆ ಸಂಕೇತ ಪಡೆದು ಕೂಡಲೇ ಅರ್ಜಿ ಕೊಟ್ಟರೆ ನಷ್ಟ ಒಂದೆರಡು ದಿನಗಳಷ್ಟೇ. ನಡುವೆ ಭಾನುವಾರ ಅಥವಾ ಹಬ್ಬದ ರಜೆಯಿದ್ದರೆ ಅದನ್ನೂ ಎಣಿಸಬೇಕು. ಪ್ಯಾಕ್ ಮುಗಿಯುವವರೆಗೆ ಕಾಯುವುದು ಮಾತ್ರ ಬೇಡ. ಸಂಖ್ಯೆ ಚಾಲ್ತಿಯಲ್ಲಿದ್ದಾಗಲೇ ಕೆಲಸ ಸಲೀಸು. ಕಡಿಮೆ ದರದ ಪ್ಯಾಕಿನಲ್ಲಿ ಸಂದೇಶ ಸೌಲಭ್ಯವಿಲ್ಲವೆಂದು 1900ಕ್ಕೆ ಸಂದೇಶ ಹೋಗದಂತೆ ತಡೆಯುವಂತಿಲ್ಲವೆಂದು ಟ್ರಾಯ್ 2021ರ ಡಿಸೆಂಬರಿನಲ್ಲಿಯೇ ಎಲ್ಲ ಕಂಪನಿಗಳಿಗೂ ಸೂಚಿಸಿದೆ.

ಅರ್ಜಿ ಕೊಟ್ಟ ಮೇಲೆ ಮನಸ್ಸು ಬದಲಾದರೆ 24 ಗಂಟೆಗಳೊಳಗೆ CANCEL ಎಂದು ಬರೆದು ಸಂಖ್ಯೆಯೊಡನೆ 1900ಕ್ಕೆ ಸಂದೇಶ ಕಳುಹಿಸಿ ಹಿಂದೆಗೆದುಕೊಳ್ಳಬಹುದು. ಅದು ತಪ್ಪಿದರೆ ಹೊಸ ಕಂಪನಿಯಲ್ಲಿ 90 ದಿನ ಕಳೆಯಲೇಬೇಕು. ಆ ಭಾಗದಲ್ಲಿ ಸಂಕೇತಬಲ ಹೇಗಿದೆಯೆಂದು ತಿಳಿಯುವ ಮುನ್ನವೇ ವರ್ಷದ ಪ್ಯಾಕನ್ನು ಕೊಳ್ಳುವುದು ಅಷ್ಟೇನೂ ಜಾಣತನವಲ್ಲ. ಮುಂದೆ ಹೊರಡಬೇಕಾದಾಗ ಅದರಲ್ಲಿ ಉಳಿದುದೂ ಹೀಗೆಯೇ ಕರಗಿಹೋಗುತ್ತದೆ.

ಸಂಸ್ಥೆಯ ಹೆಸರಿನಲ್ಲಿ ಹಲವು ಸಂಪರ್ಕಗಳಿರುವ ಕಾರ್ಖಾನೆಗಳು ಒಂದೇ ಅಧಿಕಾರ ಪತ್ರದಲ್ಲಿ 100 ಸಂಖ್ಯೆಗಳವರೆಗೆ ವರ್ಗಾಯಿಸಬಹುದು. ಇಂತಹ ಒಪ್ಪಂದಗಳಲ್ಲಿ ಕನಿಷ್ಠ ಅವಧಿಯ ಷರತ್ತಿದ್ದು ಅದು ಪೂರೈಸದಿದ್ದರೆ ಸಂಕೇತವೇ ಬರುವುದಿಲ್ಲ. ಕೊನೆಯದಾಗಿ ದಿನದ ಆಯ್ಕೆ. ಹಳೆಯ ಸಿಮ್ ನಿಂತು ಹೊಸದು ಚಾಲೂ ಆಗುವ ನಡುವೆ ಕೆಲವು ಗಂಟೆಗಳ ಕಾಲ ಸೇವೆ ಇರುವುದಿಲ್ಲ, ಓ.ಟಿ.ಪಿ. ಬಾರದು. ಪ್ರತಿ ತಿಂಗಳು ಜಿ.ಎಸ್.ಟಿ. ವಿವರಣೆ ಸಲ್ಲಿಸುವವರು 11 ಮತ್ತು 20ನೆಯ ತಾರೀಖುಗಳ ಆಸುಪಾಸನ್ನು ಬಿಟ್ಟು ಅರ್ಜಿ ಸಲ್ಲಿಸುವುದು ಲೇಸು.